ಮಿಕ್ಸಿಯೋ ಗ್ರೈಂಡರೋ: ಹುಡುಕುವವರಿಗೆ ಸಿಗುವ ಶೀರ್ಷಿಕೆ

ಒಂದೇ ಅಳತೆಯ ಅಕ್ಕಿ, ಉದ್ದನ್ನು ಮಿಕ್ಸಿಯಲ್ಲೂ ವೆಟ್ ಗ್ರೈಂಡರ್‌ನಲ್ಲೂ ರುಬ್ಬಿ, ಯಾವ ಹಿಟ್ಟು ಹೆಚ್ಚು ಉಬ್ಬಿತೆಂದು ತೋರಿಸುವ ವಿಡಿಯೊ ಮಾಡಿದ್ದೀರಿ ಎಂದುಕೊಳ್ಳಿ. ‘ಈ ಸತ್ಯ ಗೊತ್ತಾದರೆ ಬೆಚ್ಚಿಬೀಳ್ತೀರಿ’ ಎಂದು ಹೆಸರಿಟ್ಟರೆ, ಇವೆರಡರಲ್ಲಿ ಯಾವುದನ್ನು ಕೊಳ್ಳಲಿ ಎಂದು ಯೂಟ್ಯೂಬ್‌ನಲ್ಲಿ ಹುಡುಕುತ್ತಿರುವವರಿಗೆ ಅದು ಸಿಗುವುದು ಕಷ್ಟ. ಹುಡುಕಾಟದ ಪದಗಳಿಗೆ ವಿಡಿಯೊ ಹೊಂದುತ್ತದೆಯೇ ಎಂದು ತೂಗುವಾಗ ಯೂಟ್ಯೂಬ್ ನೋಡುವ ಸಂಗತಿಗಳಲ್ಲಿ ಶೀರ್ಷಿಕೆ ಮುಖ್ಯವಾದದ್ದು. ಟ್ಯಾಗ್‌ಗಳ ಪಾತ್ರ ತೀರಾ ಚಿಕ್ಕದು.

ಹೆಸರಿಡುವ ಮುನ್ನ ಜನ ಏನೆಂದು ಹುಡುಕುತ್ತಾರೆ ಎಂದು ನೋಡಿ. ನಿಮ್ಮ ಹಳೆಯ ಹುಡುಕಾಟಗಳು ನಡುವೆ ಬರದಂತೆ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು, ಯೂಟ್ಯೂಬ್‌ನಲ್ಲಿ `wet grinder vs` ಎಂದಷ್ಟೇ ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ಇಳಿಯುವ ಸಲಹೆಗಳು ಬಹುಪಾಲು ಜನರ ಹುಡುಕಾಟಗಳಿಂದಲೇ ಬಂದವು. ಎರಡು ಹೆಸರುಗಳನ್ನು ಅದಲುಬದಲು ಮಾಡಿ ನೋಡಿ. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು ಬಹಳ ಮಂದಿ, ಹಾಗಾಗಿ `mixie grinder yavudu best` ಎಂದೂ ಹಾಕಿ ನೋಡಿ.

ಹೆಚ್ಚಿನವರು ಎಡವುವುದು ಇದರ ಮುಂದೆ. ‘ಮಿಕ್ಸಿ vs ಗ್ರೈಂಡರ್’ ಎಂದಷ್ಟೇ ಬರೆದು ಬಿಡುತ್ತಾರೆ. ಆದರೆ ಯಾವುದು ಒಳ್ಳೆಯದು ಎಂದು ಕೇಳುವವರ ಮನಸ್ಸಿನಲ್ಲಿ ಯಾವ ಕೆಲಸಕ್ಕೆ ಎಂಬುದೂ ಇರುತ್ತದೆ. ಚಟ್ನಿಗಾದರೆ ಮಿಕ್ಸಿಯೇ ಸಾಕು. ಉದ್ದಿನ ಹಿಟ್ಟಿನ ವಿಷಯ ಬೇರೆ: ಮಿಕ್ಸಿಯ ಬ್ಲೇಡು ವೇಗವಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ, ಗ್ರೈಂಡರ್‌ನ ಕಲ್ಲು ನಿಧಾನವಾಗಿ ಅರೆದು ಹಗುರಾಗಿಸುತ್ತದೆ. ಹಾಗಾಗಿ ನನ್ನ ಆಯ್ಕೆ ಇದು:

‘ಮಿಕ್ಸಿ vs ವೆಟ್ ಗ್ರೈಂಡರ್: ದೋಸೆ ಹಿಟ್ಟಿಗೆ ಯಾವುದು ಒಳ್ಳೆಯದು? | Mixie vs Wet Grinder’

ಶೀರ್ಷಿಕೆಗೆ ಇರುವ ಮಿತಿ 100 ಅಕ್ಷರ. ಮೊಬೈಲ್‌ನಲ್ಲಿ ಉದ್ದವಾದದ್ದು ಕೊನೆಯಲ್ಲಿ ಕತ್ತರಿಸಿಹೋಗುತ್ತದೆ. ಆದ್ದರಿಂದ ಎರಡೂ ವಸ್ತುಗಳ ಹೆಸರು ಮೊದಲು, ಕೆಲಸ ಆಮೇಲೆ, ಇಂಗ್ಲಿಷ್ ಅಕ್ಷರಗಳು ಕೊನೆಗೆ. ಇಸವಿ ಇಲ್ಲಿ ಬೇಡ. ಪ್ರತಿವರ್ಷ ಬದಲಾಗುವ ಫೋನುಗಳಿಗೆ ಅದು ಬೇಕು, ಕಲ್ಲಿನ ಗ್ರೈಂಡರ್‌ಗೆ ಬೇಕಿಲ್ಲ.

ಕೆಲವು ವಾರ ಕಳೆದ ಮೇಲೆ ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ, ವೀಕ್ಷಕರು ಎಲ್ಲಿಂದ ಬಂದರೆಂದು ಹೇಳುವ ಭಾಗದಲ್ಲಿ YouTube search ತೆರೆಯಿರಿ. ಜನ ಟೈಪ್ ಮಾಡಿದ ಪದಗಳು ಅಲ್ಲಿರುತ್ತವೆ. ‘ಇಡ್ಲಿ ಹಿಟ್ಟು’ ಎಂದು ಹುಡುಕಿ ಬಂದವರೇ ಹೆಚ್ಚಿದ್ದು, ವಿಡಿಯೊದಲ್ಲಿ ಇಡ್ಲಿಯನ್ನೂ ಬೇಯಿಸಿ ತೋರಿಸಿದ್ದರೆ, ‘ದೋಸೆ’ಯ ಜಾಗಕ್ಕೆ ‘ಇಡ್ಲಿ’ ಬರಲಿ.

ಜನ ಬಂದರೂ ಮೊದಲ 30 ಸೆಕೆಂಡುಗಳಲ್ಲೇ ಹೊರಟುಹೋಗುತ್ತಿದ್ದರೆ, ಬಹುತೇಕ ಶೀರ್ಷಿಕೆ ಕೇಳಿದ ಪ್ರಶ್ನೆಗೆ ವಿಡಿಯೊ ಉತ್ತರಿಸುತ್ತಿಲ್ಲ ಎಂದರ್ಥ. ಗ್ರೈಂಡರ್ ಒಂದನ್ನೇ ಹೊಗಳುವ ವಿಡಿಯೊಗೆ ಹೋಲಿಕೆಯ ಹೆಸರಿಟ್ಟಾಗ ಆಗುವುದೂ ಇದೇ. ಎರಡನ್ನೂ ನೀವೇ ಬಳಸಿ ನೋಡಿರದಿದ್ದರೆ, ದಯವಿಟ್ಟು ಶೀರ್ಷಿಕೆಯಲ್ಲಿ ‘ಯಾವುದು ಒಳ್ಳೆಯದು’ ಎಂದು ಕೇಳಬೇಡಿ.