ಒಂದೇ ಹೆಸರಿನಂತೆ ಕಾಣುವ ಎರಡು ಮಾತ್ರೆಗಳು

ಹೈಡ್ರಲಜಿನ್ ರಕ್ತದೊತ್ತಡ ಇಳಿಸುವ ಮಾತ್ರೆ. ಹೈಡ್ರಾಕ್ಸಿಜಿನ್ ತುರಿಕೆ ಮತ್ತು ಆತಂಕಕ್ಕೆ ಕೊಡುವುದು. ಇಂಗ್ಲಿಷಿನಲ್ಲಿ ಎರಡರ ಮೊದಲ ನಾಲ್ಕು ಅಕ್ಷರಗಳೂ ಕೊನೆಯ ನಾಲ್ಕು ಅಕ್ಷರಗಳೂ ಒಂದೇ. ಎರಡೂ 25 ಮಿಲಿಗ್ರಾಂನಲ್ಲಿ ಸಿಗುತ್ತವೆ. ಅಕಾರಾದಿಯಾಗಿ ಜೋಡಿಸಿದ ಕಪಾಟಿನಲ್ಲಿ ಹತ್ತಿರ ಹತ್ತಿರವೇ ಕೂರುತ್ತವೆ. ಅವಸರದಲ್ಲಿ ಕಣ್ಣು ಪೂರ್ತಿ ಹೆಸರು ಓದುವುದಿಲ್ಲ, ಆರಂಭ ನೋಡಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ತುರಿಕೆಗೆಂದು ಬಂದವರಿಗೆ ರಕ್ತದೊತ್ತಡದ ಮಾತ್ರೆ ಹೋದರೆ ತುರಿಕೆ ನಿಲ್ಲದು. ತಲೆನೋವು, ಎದೆಬಡಿತ, ಎದ್ದು ನಿಂತಾಗ ತಲೆಸುತ್ತು ಶುರುವಾಗಬಹುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲಿ ಇಂಥ ಜೋಡಿಗಳ ತಯಾರಕರಿಗೆ ಬೇರೆಯಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಮುದ್ರಿಸಲು ಸೂಚಿಸಿತು: hydrALAZINE, hydrOXYzine. ಲೇಬಲ್‌ನಲ್ಲೂ ಕಂಪ್ಯೂಟರ್ ಪರದೆಯಲ್ಲೂ ಕಣ್ಣು ನೇರವಾಗಿ ವ್ಯತ್ಯಾಸದ ಮೇಲೇ ಬೀಳಲೆಂಬುದು ಉದ್ದೇಶ. ಎಲ್ಲ ಹೆಸರುಗಳಿಗೂ ಹೀಗೆ ಮಾಡಿದರೆ ಯಾವುದೂ ಎದ್ದು ಕಾಣದು.

ಕೈ ತಪ್ಪು ಡಬ್ಬಿಗೆ ಹೋದರೆ ಬಾರ್‌ಕೋಡ್ ಹಿಡಿಯುತ್ತದೆ: ದಾಖಲಾದ ಔಷಧಕ್ಕೆ ಡಬ್ಬಿಯ ಸಂಕೇತ ಹೊಂದದಿದ್ದರೆ ಯಂತ್ರ ಎಚ್ಚರಿಸುತ್ತದೆ. ಆದರೆ ಚೀಟಿಯನ್ನೇ ತಪ್ಪಾಗಿ ಓದಿ ದಾಖಲಿಸಿದ್ದರೆ ಬಾರ್‌ಕೋಡ್ ಆ ತಪ್ಪನ್ನೇ ಸರಿಯೆನ್ನುತ್ತದೆ. ಅದನ್ನು ಹಿಡಿಯಲು ವೈದ್ಯರು ಹೆಸರಿನ ಪಕ್ಕ ‘ತುರಿಕೆಗೆ’ ಎಂದು ಕಾರಣವನ್ನೂ ಬರೆದಿರಬೇಕು.