ಬಾವಲಿಯಿಂದ ಒಬ್ಬನಿಗೆ, ಆಸ್ಪತ್ರೆಯಿಂದ ಹಲವರಿಗೆ

2018ರ ಮೇ ಮೊದಲ ವಾರ. ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರ ಸಮೀಪದ ಹಳ್ಳಿಯೊಂದರ ಯುವಕನನ್ನು ಜ್ವರವೆಂದು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದರು. ಪರಿಸ್ಥಿತಿ ಬಿಗಡಾಯಿಸಿತು, ಕಲ್ಲಿಕೋಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸಾಗಿಸಿದರು. ಮೇ 5ರಂದು ಆತ ತೀರಿಕೊಂಡ. ಮಿದುಳಿನ ಉರಿಯೂತಕ್ಕೆ ಕಾರಣಗಳು ಹತ್ತಾರು. ಹಾಗಾಗಿ ಒಂದು ಸಾವಿಗೆ ಯಾರೂ ಬೆಚ್ಚಿಬೀಳಲಿಲ್ಲ, ಆತನ ರಕ್ತವನ್ನು ನಿಪಾ ಪರೀಕ್ಷೆಗೆ ಕಳಿಸುವ ಪ್ರಶ್ನೆಯೂ ಏಳಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಆತನ ಅಣ್ಣನಿಗೂ ಅದೇ ಜ್ವರ, ಅದೇ ಮಂಪರು. ಅಣ್ಣನನ್ನು ನೋಡಿದ ಖಾಸಗಿ ಆಸ್ಪತ್ರೆಯ ವೈದ್ಯರು ರೋಗಿಯ ಜೊತೆಗೆ ಮನೆಯ ಕಥೆಯನ್ನೂ ಕೇಳಿದರು. ಒಂದೇ ಮನೆಯಲ್ಲಿ ಒಬ್ಬರ ಹಿಂದೊಬ್ಬರಿಗೆ ಮಿದುಳು ಜ್ವರ ಬರುವುದು ಮಾಮೂಲಿಯಲ್ಲ. ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಮನುಷ್ಯನಿಂದ ಮನುಷ್ಯನಿಗೆ ಹಬ್ಬುವುದಿಲ್ಲ. ಆ ಅನುಮಾನದ ಮೇಲೆ ಮಾದರಿಗಳು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಬಂದವು. ನಿಪಾ ಸುಳಿವು ಸಿಕ್ಕಿದ್ದು ಅಲ್ಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸಿತು.

ನಿಪಾ ವೈರಸ್‌ನ ಮನೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ಅವುಗಳಿಗೆ ಇದರಿಂದ ಕಾಯಿಲೆಯಾಗುವುದಿಲ್ಲ. ಎಂಜಲು, ಮೂತ್ರದಲ್ಲಿ ಆಗಾಗ ವೈರಸ್ ಹೊರಬೀಳುತ್ತದೆ. 1998-99ರಲ್ಲಿ ಮಲೇಷ್ಯಾದಲ್ಲಿ ಅದು ಮೊದಲು ಹಂದಿಗಳಿಗೆ, ಅಲ್ಲಿಂದ ಹಂದಿ ಸಾಕುವವರಿಗೆ ಬಂತು. ಬಾಂಗ್ಲಾದೇಶದಲ್ಲಿ ರಾತ್ರಿ ಖರ್ಜೂರದ ಮರಕ್ಕೆ ಕಟ್ಟಿದ ಮಡಕೆಯೊಳಗೆ ಬಾವಲಿ ಬಾಯಿ ಹಾಕಿದ ಹಸಿ ರಸದಿಂದ ಬರುತ್ತದೆ. ಕಲ್ಲಿಕೋಟೆಯ ಆ ಯುವಕನಿಗೆ ಹೇಗೆ ತಗುಲಿತೆಂಬುದು ಇಂದಿಗೂ ಸ್ಪಷ್ಟವಾಗಿಲ್ಲ. ಮೊದಲು ಬಾವಿಯೊಳಗಿದ್ದ ಹುಳ ತಿನ್ನುವ ಪುಟ್ಟ ಬಾವಲಿಗಳನ್ನು ಹಿಡಿದು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಆಮೇಲೆ ಅದೇ ಪ್ರದೇಶದ ದೊಡ್ಡ ಹಣ್ಣುಬಾವಲಿಗಳಲ್ಲಿ ವೈರಸ್ ಸಿಕ್ಕಿತು.

ಆದರೆ ಇಲ್ಲಿ ಬಾವಲಿಯ ಪಾತ್ರ ಒಂದು ಸಲಕ್ಕೆ ಮುಗಿಯಿತು. ಒಟ್ಟು 23 ಜನರಿಗೆ ಸೋಂಕು ತಗುಲಿ 21 ಮಂದಿ ಸತ್ತರು. ಮೊದಲ ರೋಗಿಯೊಬ್ಬನನ್ನು ಬಿಟ್ಟರೆ ಉಳಿದವರೆಲ್ಲರಿಗೂ ಅದು ಬಂದದ್ದು ಮನುಷ್ಯರಿಂದ, ಅದರಲ್ಲೂ ಬಹುಪಾಲು ಆಸ್ಪತ್ರೆಯೊಳಗೆ. ವೈದ್ಯಕೀಯ ಕಾಲೇಜಿನಲ್ಲಿ ಆತನನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ದಾಗ ಆತ ಬಿಡದೆ ಕೆಮ್ಮುತ್ತಿದ್ದ. ಆ ಪಡಸಾಲೆಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಬೇರೆ ರೋಗಿಗಳಿಗೂ ಅವರ ಜೊತೆಗೆ ಬಂದವರಿಗೂ ಅಲ್ಲಿಯೇ ತಗುಲಿತು. ಪೇರಾಂಬ್ರದಲ್ಲಿ ಆತನಿಗೆ ಶುಶ್ರೂಷೆ ಮಾಡಿದ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ಸೋಂಕು ತಗುಲಿದ 6ರಿಂದ 14 ದಿನಗಳ ನಂತರವೇ ಲಕ್ಷಣ ಕಾಣಿಸುವುದರಿಂದ, ಜನರಿಗೆ ಹೆದರಿಕೆ ಹುಟ್ಟುವ ಹೊತ್ತಿಗೆ ಹರಡುವುದೆಲ್ಲ ಹರಡಿಯಾಗಿತ್ತು.

ಒಂದು ಸಮಾಧಾನವಿದೆ. ನಿಪಾ ಸೋಂಕಿನ ಬಹುತೇಕ ರೋಗಿಗಳು ಯಾರಿಗೂ ದಾಟಿಸುವುದಿಲ್ಲ. ವೈರಸ್ ಶ್ವಾಸಕೋಶಕ್ಕೆ ಇಳಿದು ಕೆಮ್ಮು, ಉಬ್ಬಸ ಹೆಚ್ಚಾದ ಕೊನೆಯ ದಿನಗಳ ರೋಗಿಯಿಂದಲೇ ಅಪಾಯ ಹೆಚ್ಚು. ಅಂದರೆ ಬಾಯಿ ಒರೆಸುವವರು, ಬಟ್ಟೆ ಬದಲಿಸುವವರು, ಗಂಟಲಿಗೆ ನಳಿಕೆ ಹಾಕುವ ವೈದ್ಯರು, ಪಕ್ಕದ ಮಂಚದವರು.

ಹಾಗಾಗಿ ತಡೆ ಶುರುವಾಗಬೇಕಾದ್ದು ಆಸ್ಪತ್ರೆಯ ಬಾಗಿಲಲ್ಲಿ. ಜ್ವರದ ಜೊತೆ ಕೆಮ್ಮು ಅಥವಾ ಮಂಪರು ಇದ್ದವರಿಗೆ ಕೂಡಲೇ ಮಾಸ್ಕ್ ಕೊಟ್ಟು ಬೇರೆ ಕಡೆ ಕೂರಿಸಬೇಕು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯಬಾರದು. ಅನುಮಾನವಿದ್ದರೆ ಪ್ರತ್ಯೇಕ ಕೊಠಡಿ, ಅವರಿಗೇ ಮೀಸಲಾದ ಸಿಬ್ಬಂದಿ. ಒಳಹೋಗುವವರಿಗೆ ಗೌನು, ಕೈಗವಸು, ಕಣ್ಣಿನ ಮರೆ, ನಳಿಕೆ ಹಾಕುವಂಥ ಕೆಲಸಕ್ಕೆ ಎನ್-95 ಮಾಸ್ಕ್. ಇವನ್ನೆಲ್ಲ ಹಾಕಿಕೊಳ್ಳುವುದು ಸುಲಭ. ತಪ್ಪಾಗುವುದು ಬಿಚ್ಚುವಾಗ. ದಣಿದು ಬಂದ ನರ್ಸ್ ಕೊಳಕಾದ ಕೈಗವಸಿನಲ್ಲೇ ಮಾಸ್ಕ್ ಎಳೆದರೆ ತೊಟ್ಟದ್ದೆಲ್ಲ ವ್ಯರ್ಥ. ಅದಕ್ಕೆಂದೇ ಹೆಚ್ಚು ಕೊಳಕಾದ ಕೈಗವಸು ಮೊದಲು, ಮುಖದ ಮಾಸ್ಕ್ ಕೊನೆಗೆ, ನಡುನಡುವೆ ಕೈ ತೊಳೆಯಬೇಕು. ಎದುರಿಗೆ ನಿಂತು ಒಬ್ಬರು ನೋಡುತ್ತಿದ್ದರೆ ಇನ್ನೂ ಒಳ್ಳೆಯದು. ಕೊಬ್ಬಿನ ಹೊದಿಕೆಯಿರುವ ಈ ವೈರಸ್ ಸಾಬೂನಿಗೂ ಬ್ಲೀಚಿಂಗ್ ದ್ರಾವಣಕ್ಕೂ ನಿಲ್ಲುವುದಿಲ್ಲ. ಇಷ್ಟು ಭಯಂಕರ ರೋಗಾಣುವಿಗೆ ಇಷ್ಟು ಅಗ್ಗದ ಮದ್ದು ಸಾಕೆನ್ನುವುದು ನನಗಂತೂ ಅಚ್ಚರಿಯೇ.

ಕೇರಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರನ್ನು ಪಟ್ಟಿ ಮಾಡಿ, ಅವರ ಮೇಲೆ ಕಣ್ಣಿಟ್ಟರು. ಜೂನ್‌ನಲ್ಲಿ ಹೊಸ ಪ್ರಕರಣ ನಿಂತವು. ಆದರೆ ಬಾವಲಿಗಳು ಅಲ್ಲೇ ಇವೆ. 2019, 2021, 2023ರಲ್ಲಿ ನಿಪಾ ಮತ್ತೆ ಬಂತು, ಆ ನಂತರವೂ ಬಂದಿದೆ. ಮರ ಕಡಿದು ಬಾವಲಿ ಓಡಿಸುವುದರಿಂದ ಉಪಯೋಗವಿಲ್ಲ. ಗಾಬರಿಗೊಂಡ ಬಾವಲಿಗಳು ಇನ್ನೊಂದೂರಿಗೆ ಹೋಗಿ ನೆಲೆಸುತ್ತವೆ, ಅಷ್ಟೇ.

ನಿಪಾಗೆ ಮಾನ್ಯತೆ ಪಡೆದ ಲಸಿಕೆ ಇನ್ನೂ ಇಲ್ಲ. ಬಾವಲಿ ಕಚ್ಚಿದ ಹಣ್ಣನ್ನು ಎಸೆಯಿರಿ. ಆಸ್ಪತ್ರೆಗೆ ರೋಗಿಯೊಬ್ಬರ ಜೊತೆ ಒಬ್ಬರೇ ಹೋಗಿ. ಮನೆಯಲ್ಲಿ ಇನ್ನೊಬ್ಬರಿಗೂ ಇಂಥದ್ದೇ ಜ್ವರ ಬಂದಿದ್ದರೆ, ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.