ಜ್ವರ ಇಳಿದ ದಿನ ಹಾಳೆ ಏನು ಹೇಳುತ್ತದೆ?

ಜ್ವರದ ಮಗುವನ್ನು ಎತ್ತಿಕೊಂಡು ಬಂದವರಿಗೆ ಮಕ್ಕಳ ಡಾಕ್ಟರು ಕೇಳುವ ಮೊದಲ ಪ್ರಶ್ನೆ, "ಎಷ್ಟು ದಿನದಿಂದ?" ಅಮ್ಮ ಮೂರು ದಿನ ಅನ್ನುತ್ತಾಳೆ. ಅಜ್ಜಿ, "ಇಲ್ಲ, ಭಾನುವಾರ ಸಂಜೆಯೇ ಮೈ ಸುಡುತ್ತಿತ್ತು" ಎಂದು ತಿದ್ದುತ್ತಾರೆ. ಎಷ್ಟಿತ್ತು ಎಂದು ಕೇಳಿದರೆ "ತುಂಬಾ ಇತ್ತು" ಎಂಬ ಉತ್ತರ. ಕೊನೆಯ ಸಲ ಔಷಧಿ ಕೊಟ್ಟದ್ದು ಯಾವಾಗ ಎಂದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಡಾಕ್ಟರು ಕಾಯಿಲೆಯನ್ನು ಅಂದಾಜು ಮಾಡಬೇಕಾದದ್ದು ಈ ಮೂರು ಉತ್ತರಗಳ ಮೇಲೆಯೇ. ಜ್ವರದ ಎರಡನೇ ದಿನ ಸಹಜವೆನಿಸುವ ಲಕ್ಷಣ ಐದನೇ ದಿನ ಕಂಡರೆ ಅದರ ಅರ್ಥವೇ ಬೇರೆ.

ಇದಕ್ಕೆ ಬೇಕಾಗುವುದು ಗೆರೆ ಹಾಕಿದ ಒಂದು ನೋಟ್‌ಬುಕ್ ಹಾಳೆ. ಎಡಗಡೆ ಜ್ವರದ ದಿನ ಮತ್ತು ಗಂಟೆ, ಪಕ್ಕದಲ್ಲಿ ತಾಪ, ಆಮೇಲೆ ಕೊಟ್ಟ ಔಷಧಿ ಮತ್ತು ಅದರ ಅಳತೆ. ಅದರಾಚೆ ಇನ್ನೆರಡು ಕಲಂ: ಮಗು ಉಚ್ಚೆ ಮಾಡಿದ ಹೊತ್ತು, ಮತ್ತು ಮಗು ಹೇಗಿದೆ ಎಂಬ ಒಂದೆರಡು ಮಾತು. "ಅರ್ಧ ಲೋಟ ಗಂಜಿ ಕುಡಿದಳು", "ವಾಂತಿ", "ಎದ್ದು ಕೂತು ಆಡಿದಳು", ಇಷ್ಟು ಸಾಕು. ಹೆಚ್ಚಿನವರು ತಾಪವನ್ನು ಮಾತ್ರ ಬರೆದು ಈ ಕೊನೆಯ ಎರಡು ಕಲಂಗಳನ್ನು ಖಾಲಿ ಬಿಡುತ್ತಾರೆ. ನನ್ನ ಮಟ್ಟಿಗೆ ಹಾಳೆಯ ಜೀವ ಇರುವುದು ಅಲ್ಲಿಯೇ. ಕಾರಣ ಮುಂದೆ ಗೊತ್ತಾಗುತ್ತದೆ.

ತಾಪ ನೋಡಲು ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳಿನ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಬೀಪ್ ಆಗುವ ತನಕ ಮಗುವಿನ ತೋಳನ್ನು ಮೈಗೆ ಒತ್ತಿ ಹಿಡಿಯಬೇಕು. ಸ್ನಾನ ಮಾಡಿಸಿದ ಕೂಡಲೇ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ ಕೂಡಲೇ, ಕಂಬಳಿಯೊಳಗಿಂದ ಎಬ್ಬಿಸಿದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ. ಅರ್ಧ ಗಂಟೆ ಬಿಟ್ಟು ನೋಡಬೇಕು. ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಎನ್ನಬಹುದು, 100.4 ದಾಟಿದರೆ ಅನುಮಾನವೇ ಬೇಡ. ಒಳಗಿನ ತಾಪ ಕಂಕುಳಿನದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಆದರೆ ಅದನ್ನು ಕೂಡಿಸಿ ಬರೆಯುವ ಗೋಜು ಬೇಡ. ಕಂಡದ್ದನ್ನು ಬರೆದು, "ಕಂಕುಳು" ಎಂದು ಮೇಲೆ ಗುರುತು ಹಾಕಿದರೆ ಡಾಕ್ಟರಿಗೆ ತಿಳಿಯುತ್ತದೆ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಹೀಗೆ ದಿನಕ್ಕೆ ನಾಲ್ಕು ಸಲ ನೋಡಿದರೆ ಆಯಿತು. ಔಷಧಿ ಕೊಡುವುದಿದ್ದರೆ ಕೊಡುವ ಮುಂಚೆ ನೋಡಬೇಕು, ಕೊಟ್ಟ ಮೇಲಲ್ಲ. ಆರೋಗ್ಯವಂತರ ಮೈಯೂ ಬೆಳಗಿನ ಜಾವ ತಣ್ಣಗಿದ್ದು ಸಂಜೆ ಸ್ವಲ್ಪ ಏರುತ್ತದೆ, ಜ್ವರವೂ ಬಹುಮಟ್ಟಿಗೆ ಅದೇ ತಾಳಕ್ಕೆ ನಡೆಯುತ್ತದೆ. ಬೆಳಿಗ್ಗೆ 99 ಕಂಡು ಮಗುವನ್ನು ಸ್ಕೂಲಿಗೆ ಕಳಿಸಿ, ಸಂಜೆ 102 ಆದಾಗ "ಮತ್ತೆ ಬಂತು" ಎಂದು ಗಾಬರಿಯಾಗುವ ಮನೆಗಳಲ್ಲಿ ಜ್ವರ ಹೋಗಿರುವುದೇ ಇಲ್ಲ. ನಿನ್ನೆಯ ಬೆಳಿಗ್ಗೆಯನ್ನು ಇಂದಿನ ಬೆಳಿಗ್ಗೆಯ ಜೊತೆ, ಸಂಜೆಯನ್ನು ಸಂಜೆಯ ಜೊತೆ ಹೋಲಿಸಿದರೆ ಮಾತ್ರ ಏರಿತೋ ಇಳಿಯಿತೋ ಗೊತ್ತಾಗುತ್ತದೆ.

ಔಷಧಿಯ ಕಲಂ ಇನ್ನೊಂದು ಅಪಾಯವನ್ನೂ ತಪ್ಪಿಸುತ್ತದೆ. ಪ್ಯಾರಸಿಟಮಾಲ್ ಸಿರಪ್ ನಮ್ಮಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮಗುವಿನ ತೂಕದ ಪ್ರತಿ ಕಿಲೊಗೆ 10ರಿಂದ 15 ಮಿಲಿಗ್ರಾಂ ಒಂದು ಸಲದ ಅಳತೆ. 18 ಕಿಲೊ ತೂಕದ ಮಗುವಿಗೆ 250ರ ಬಾಟಲಿಯಿಂದ 5 ಎಂಎಲ್ ಸರಿಯಾದರೆ, 125ರದ್ದರಿಂದ 10 ಎಂಎಲ್ ಬೇಕು. ಹಾಗಾಗಿ "ಒಂದು ಮುಚ್ಚಳ ಕೊಟ್ಟೆ" ಎಂದು ಬರೆದರೆ ಪ್ರಯೋಜನವಿಲ್ಲ, ಬಾಟಲಿಯ ಮೇಲಿನ ಅಂಕಿಯನ್ನೂ ಬರೆಯಬೇಕು. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಆರು ಗಂಟೆ ಅಂತರ ಇರಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಆರು ಗಂಟೆಗೆ ಅಜ್ಜಿ ಕೊಟ್ಟದ್ದು ಗೊತ್ತಿಲ್ಲದೆ ಏಳಕ್ಕೆ ಆಫೀಸಿನಿಂದ ಬಂದ ಅಪ್ಪ ಮತ್ತೆ ಕೊಡುವುದು ಹಾಳೆ ಗೋಡೆಯ ಮೇಲಿದ್ದರೆ ನಿಲ್ಲುತ್ತದೆ.

ಈಗ ಒಂದು ಹಾಳೆಯನ್ನೇ ಓದೋಣ. ಆರು ವರ್ಷದ, 18 ಕಿಲೊ ತೂಕದ ಒಬ್ಬ ಹುಡುಗಿಯದು ಎಂದಿಟ್ಟುಕೊಳ್ಳಿ. ಮಳೆಗಾಲ, ಬೀದಿಯಲ್ಲಿ ಆಗಲೇ ಇಬ್ಬರಿಗೆ ಡೆಂಗಿ ಆಗಿದೆ. ಡೆಂಗಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ: 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು, ಅಲ್ಲದೆ, ಜ್ವರ ಇಳಿದಾಗಲೇ ಅಪಾಯ ಏರುವ ಕಾಯಿಲೆ ಅದು.

ಭಾನುವಾರ ಸಂಜೆ ಆರಕ್ಕೆ 102.6. ಅಂದೇ ಮೊದಲನೇ ದಿನ. ಸೋಮವಾರ ಬೆಳಿಗ್ಗೆ 101.4, ಸಂಜೆ 103.4, ತಲೆನೋವು, ಮೈಕೈ ನೋವು, ಕೆಮ್ಮು ನೆಗಡಿ ಇಲ್ಲ. ಮಂಗಳವಾರ ಬೆಳಿಗ್ಗೆ 101.8, ಸಂಜೆ 103. ಅಂದು ರಕ್ತ ಪರೀಕ್ಷೆ ಆಯಿತು. ಎನ್ಎಸ್1 ಪಾಸಿಟಿವ್, ಪ್ಲೇಟ್‌ಲೆಟ್ 1.8 ಲಕ್ಷ, ಪಿಸಿವಿ 36. ರಕ್ತದಲ್ಲಿ ಕಣಗಳ ಪಾಲು ಎಷ್ಟು ಎಂದು ಹೇಳುವ ಅಂಕಿಯೇ ಪಿಸಿವಿ, ಅಂದರೆ ರಕ್ತ ಎಷ್ಟು ಗಟ್ಟಿ ಎಂಬುದರ ಅಳತೆ. ಮಗು ಚೆನ್ನಾಗಿ ಕುಡಿಯುತ್ತಿದ್ದುದರಿಂದ ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಲು ಹೇಳಿ, ಮತ್ತೆ ಬಂದು ತೋರಿಸಲು ತಿಳಿಸಿದರು. ಬುಧವಾರ ಬೆಳಿಗ್ಗೆ 101, ಸಂಜೆ 102. ರಾತ್ರಿ ಒಂಬತ್ತಕ್ಕೆ 5 ಎಂಎಲ್ ಸಿರಪ್.

ಗುರುವಾರ, ಐದನೇ ದಿನ. ಬೆಳಿಗ್ಗೆ ಏಳಕ್ಕೆ 99.4. ಹನ್ನೊಂದಕ್ಕೆ 98.6. ಕೊನೆಯ ಔಷಧಿ ಕೊಟ್ಟು ಹದಿನಾಲ್ಕು ಗಂಟೆ ಆಗಿದೆ, ಹಾಗಾಗಿ ಇದು ಸಿರಪ್ ಇಳಿಸಿದ ಜ್ವರವಲ್ಲ, ತಾನಾಗಿ ಇಳಿದದ್ದು. ಮನೆಯವರೆಲ್ಲ "ಅಬ್ಬಾ, ಜ್ವರ ಬಿಟ್ಟಿತು" ಎಂದು ಉಸಿರು ಬಿಡುತ್ತಾರೆ. ತಾಪದ ಕಲಂ ಒಂದನ್ನೇ ನೋಡಿದರೆ ಅವರು ಹೇಳುವುದು ಸರಿ. ಆದರೆ ಪಕ್ಕದ ಕಲಂಗಳಲ್ಲಿ ಹೀಗಿದೆ: ಉಚ್ಚೆ ಬೆಳಿಗ್ಗೆ ಆರೂವರೆಗೆ, ಆಮೇಲೆ ಇಲ್ಲ. ವಾಂತಿ ಒಂಬತ್ತಕ್ಕೆ, ಹತ್ತೂವರೆಗೆ, ಹನ್ನೆರಡಕ್ಕೆ. ಹೊಟ್ಟೆನೋವು ಎನ್ನುತ್ತಾಳೆ. ಮಲಗಿಯೇ ಇದ್ದಾಳೆ. ಅಂಗೈ ಅಂಗಾಲು ತಣ್ಣಗಿವೆ. ಮಧ್ಯಾಹ್ನ ಒಂದು ಗಂಟೆಗೆ ಉಚ್ಚೆ ಮಾಡಿ ಆರೂವರೆ ಗಂಟೆ ಕಳೆದಿತ್ತು. ಅಮ್ಮ ಹಾಳೆ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಟಳು. ಅಲ್ಲಿ ಪಿಸಿವಿ 44, ಪ್ಲೇಟ್‌ಲೆಟ್ 60 ಸಾವಿರ. ಕೂಡಲೇ ಡ್ರಿಪ್ ಹಾಕಿದರು.

ಆಗಿದ್ದೇನು? ಡೆಂಗಿ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಕೆಲವರಲ್ಲಿ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೆ ಇಳಿಯುತ್ತದೆ, ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಪಿಸಿವಿ 36ರಿಂದ 44ಕ್ಕೆ ಏರಿದ್ದು ಇದರಿಂದಲೇ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಉಚ್ಚೆ ನಿಲ್ಲುತ್ತದೆ. ಇರುವ ರಕ್ತವನ್ನು ದೇಹ ಹೃದಯ, ಮೆದುಳಿಗೆ ಉಳಿಸಿಕೊಂಡು ಕೈಕಾಲಿಗೆ ಕಡಿಮೆ ಮಾಡುವುದರಿಂದ ಅವು ತಣ್ಣಗಾಗುತ್ತವೆ. ಈ ಸ್ಥಿತಿಯಲ್ಲೂ ಮಗು ಪ್ರಜ್ಞೆ ತಪ್ಪಿರುವುದಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಡುತ್ತಿರುತ್ತದೆ. ಮನೆಯವರು ಮೋಸ ಹೋಗುವುದು ಇಲ್ಲಿಯೇ. ಸೋರುವಿಕೆ ಒಂದೆರಡು ದಿನ ಇದ್ದು ತಾನಾಗಿ ನಿಲ್ಲುತ್ತದೆ. ಆ ಹೊತ್ತನ್ನು ಅಳತೆಯ ಡ್ರಿಪ್‌ನಿಂದ ದಾಟಿಸಿದರೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ತಡವಾಗಿ ಬಂದವರಿಗೇ ಕಷ್ಟ. ಇಂಥ ಹೊತ್ತಿನಲ್ಲಿ ಊರೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳಿ ಪರಂಗಿ ಎಲೆ ಅರೆಯಲು ಹೊರಡುತ್ತದೆ. ಅದರ ಬದಲು ಉಚ್ಚೆ ಆಯಿತೇ ಎಂದು ಕೇಳುವವರು ಮನೆಯಲ್ಲಿ ಒಬ್ಬರಿದ್ದರೆ ಮಗುವಿಗೆ ಹೆಚ್ಚು ಒಳಿತು.

ಅದೇ ಬೀದಿಯ ಇನ್ನೊಂದು ಮಗುವಿಗೂ ಮೂರು ದಿನ 102, 103 ಇದ್ದು ನಾಲ್ಕನೇ ದಿನ ಔಷಧಿಯಿಲ್ಲದೆ 98.8ಕ್ಕೆ ಇಳಿದಿರಬಹುದು. ಎರಡು ಹಾಳೆಗಳ ತಾಪದ ಗೆರೆಯನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚು ವ್ಯತ್ಯಾಸ ಕಾಣದು. ಆದರೆ ಈ ಮಗು ಎದ್ದು ಅನ್ನ ಸಾರು ಕೇಳಿದೆ, ಮೂರು ಗಂಟೆಗೊಮ್ಮೆ ಉಚ್ಚೆ ಮಾಡಿದೆ, ತಮ್ಮನ ಜೊತೆ ಜಗಳ ತೆಗೆದಿದೆ. ನಿಜವಾಗಿ ಬಿಟ್ಟ ಜ್ವರ ಹೀಗಿರುತ್ತದೆ. ಜ್ವರ ಇಳಿದಂತೆ ಮಗು ಗೆಲುವಾದರೆ ಒಳ್ಳೆಯದು. ಜ್ವರ ಇಳಿದೂ ಮಗು ಬಾಡಿದರೆ ಅಂದೇ, ಆ ಗಂಟೆಯಲ್ಲೇ ಆಸ್ಪತ್ರೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡು ಮೂಗಿನಿಂದ ರಕ್ತ, ಕಪ್ಪು ಮಲ, ಅತಿ ಮಂಪರು ಅಥವಾ ಅತಿ ತಳಮಳ, ಇವುಗಳಲ್ಲಿ ಒಂದು ಕಂಡರೂ ಹಾಗೆಯೇ.

ಡೆಂಗಿ ಶಂಕೆ ಇರುವಾಗ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ಬೇಡ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೆಡಿಕಲ್ ಶಾಪ್‌ನಲ್ಲಿ "ಜಾಸ್ತಿ ಜ್ವರಕ್ಕೆ" ಎಂದು ಕೊಡುವ ಕೆಲವು ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಜೊತೆ ಮೆಫೆನಮಿಕ್ ಆಸಿಡ್ ಸೇರಿರುತ್ತದೆ. ಲೇಬಲ್ ಓದಿಯೇ ತರಬೇಕು.

ಬೇರೆ ಕಾಯಿಲೆಗಳೂ ಹಾಳೆಯ ಮೇಲೆ ತಮ್ಮ ಗುರುತು ಬಿಡುತ್ತವೆ. ಟೈಫಾಯ್ಡ್‌ನಲ್ಲಿ ಸಂಜೆಯ ತಾಪ ದಿನದಿಂದ ದಿನಕ್ಕೆ ಏರಿ ವಾರ ಕಳೆದರೂ ಇಳಿಯದಿರಬಹುದು. ಮಲೇರಿಯಾದಲ್ಲಿ ದಿನ ಬಿಟ್ಟು ದಿನ ಚಳಿಜ್ವರ ಬರಬಹುದು, ಆದರೆ ಮೊದಮೊದಲು ಅದು ದಿನಾ ಬರುವುದೂ ಉಂಟು. ಎರಡು ಮೂರು ದಿನ ಪೂರ್ತಿ ಬಿಟ್ಟು ಮತ್ತೆ ಜ್ವರ ಬಂದರೆ ಕಿವಿ ಅಥವಾ ಶ್ವಾಸಕೋಶದಲ್ಲಿ ಹೊಸ ಸೋಂಕು ಸೇರಿದೆಯೇ ಎಂದು ಡಾಕ್ಟರು ಹುಡುಕುತ್ತಾರೆ. ಯಾವ ರೂಪದ್ದೇ ಆಗಲಿ, ಐದು ದಿನ ದಾಟಿದ ಜ್ವರವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಇಂಥ ಗೆರೆ ನೋಡಿ ಕಾಯಿಲೆಯ ಹೆಸರು ಹೇಳುವ ಪ್ರಯತ್ನವೂ ಬೇಡ. ಮನೆಯಲ್ಲಿ ಪ್ಯಾರಸಿಟಮಾಲ್ ಕೊಡುತ್ತಿದ್ದಾಗ ಜ್ವರದ ಸಹಜ ರೂಪ ಅರ್ಧ ಅಳಿಸಿಹೋಗಿರುತ್ತದೆ. ಔಷಧಿಗೆ ಜ್ವರ ಬೇಗ ಇಳಿಯಿತು ಎಂದ ಮಾತ್ರಕ್ಕೆ ಕಾಯಿಲೆ ಸಣ್ಣದು ಎಂದೂ ಅರ್ಥವಲ್ಲ.

ಹಾಳೆ ಹಿಡಿದು ಕಾಯಲೇಬಾರದ ಸಂದರ್ಭಗಳಿವೆ. ಮೂರು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99.5 ದಾಟಿದರೂ ಅಂದೇ ತೋರಿಸಬೇಕು. ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಕುತ್ತಿಗೆ ಬಿಗಿತ, ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು, ಏನೂ ಕುಡಿಯದಿರುವುದು ಮೊದಲ ಗಂಟೆಯಲ್ಲೇ ಕಂಡರೂ ಹೊರಡಬೇಕು. ಉಸಿರು ವೇಗವಾಗಿದೆ ಅನ್ನಿಸಿದರೆ ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದರಿಂದ ಐದು ವರ್ಷದವರಲ್ಲಿ ನಿಮಿಷಕ್ಕೆ 40, ಎರಡು ತಿಂಗಳು ತುಂಬಿ ವರ್ಷದೊಳಗಿರುವವರಲ್ಲಿ 50 ಮುಟ್ಟಿದರೆ ನ್ಯುಮೋನಿಯಾ ಶಂಕೆ.

ಜ್ವರ ಬಿಟ್ಟಿತೆಂದು ಹಾಳೆಯನ್ನು ಅಂದೇ ಮಡಚಿಡಬೇಡಿ. ಔಷಧಿ ಇಲ್ಲದೆ ತಾಪ ಸಹಜಕ್ಕೆ ಬಂದ ಗಂಟೆಯ ಸುತ್ತ ಒಂದು ಗುರುತು ಹಾಕಿ, ಅಲ್ಲಿಂದ ಎರಡು ದಿನ ಉಚ್ಚೆ, ಊಟ, ಆಟದ ಕಲಂಗಳನ್ನು ತುಂಬುತ್ತಾ ಹೋಗಿ. ಆ ನಲವತ್ತೆಂಟು ಗಂಟೆಗಳಲ್ಲಿ ಎಳನೀರು, ಗಂಜಿ, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು, ರಾತ್ರಿ ಒಮ್ಮೆ ಎದ್ದು ಮಗುವಿನ ಅಂಗಾಲು ಮುಟ್ಟಿ ನೋಡಬೇಕು.